ಕಲ್ಲಂಗಡಿ ಜ್ಯೂಸಿನ ಗ್ಲಾಸಿನಲ್ಲಿ ಬರ್ಫ್ ಎಷ್ಟು, ಹಣ್ಣು ಎಷ್ಟು?

"ಬರ್ಫ್ ಜರಾ ಜಾಸ್ತಿ ಹಾಕ್ರಿ." ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯ ಯಾವ ಜ್ಯೂಸ್ ಅಂಗಡಿ ಮುಂದೆ ನಿಂತರೂ ಈ ಮಾತು ಕೇಳುತ್ತದೆ. ಹೊರಗೆ 42 ಡಿಗ್ರಿ ಬಿಸಿಲು. ಗಂಟಲು ಒಣಗಿದವರಿಗೆ ಬೇಕಾಗಿರುವುದು ತಂಪು. ನಾನೂ ಮೂರು ಬೇಸಿಗೆ ಸ್ಟೇಷನ್ ರಸ್ತೆ ಕಡೆ ಜ್ಯೂಸ್ ಕೌಂಟರ್ ನಡೆಸಿದೆ. ಮೊದಲ ಬೇಸಿಗೆ ಪೂರ್ತಿ ಕೇಳಿದವರಿಗೆಲ್ಲ ಕೈತುಂಬ ಬರ್ಫ್ ಹಾಕಿ ಕೊಟ್ಟೆ. ಒಂದು ದಿನ ದಿನಾ ಬರುವ ಕಾಕಾ ಒಬ್ಬರು ಗ್ಲಾಸನ್ನು ನನ್ನ ಮುಂದೆ ಇಟ್ಟು, ತಳದಲ್ಲಿದ್ದ ಗೋಣಿ ನಾರಿನ ಎಳೆ ತೋರಿಸಿದರು. ಏನೂ ಬೈಯಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು.

ಆ ಎಳೆ ಬಂದಿದ್ದು ಹಣ್ಣಿನಿಂದಲ್ಲ, ಬರ್ಫಿನಿಂದ. ಆವತ್ತು ರಾತ್ರಿ ಕುಳಿತು ಒಂದು ಲೆಕ್ಕ ಹಾಕಿದೆ: ಒಂದು ಗ್ಲಾಸಿನಲ್ಲಿ ನಾವು ಕುಡಿಸುವ ಬರ್ಫಿನ ನೀರು ನಿಜಕ್ಕೂ ಎಷ್ಟು?

ಈ ಲೆಕ್ಕಕ್ಕೆ ಶಾಲೆಯ ವಿಜ್ಞಾನ ಸಾಕು. ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾಗಲು ಒಂದು ಕ್ಯಾಲೊರಿ ಶಾಖ ಬಿಟ್ಟುಕೊಡಬೇಕು. ಒಂದು ಗ್ರಾಂ ಬರ್ಫ್ ಕರಗಲು 80 ಕ್ಯಾಲೊರಿ ಹೀರುತ್ತದೆ. ಕರಗಿದ ಆ ನೀರು 10 ಡಿಗ್ರಿಗೆ ಏರುವಾಗ ಇನ್ನೊಂದು 10 ಹೀರುತ್ತದೆ, ಒಟ್ಟು 90. ಜ್ಯೂಸೂ ಹೆಚ್ಚುಕಡಿಮೆ ನೀರೇ ಅಲ್ವಾ, ಹಾಗಾಗಿ ಅದೇ ಲೆಕ್ಕ ನಡೆಯುತ್ತದೆ. ನಮ್ಮ ಕೌಂಟರಿನ ಹಣ್ಣು ಬಿಸಿಲಿಗೆ ಸುಮಾರು 38 ಡಿಗ್ರಿಗೆ ಬಂದಿರುತ್ತಿತ್ತು. ಅದರ 190 ಮಿ.ಲೀ. ರಸವನ್ನು 10 ಡಿಗ್ರಿಗೆ ಇಳಿಸಲು 28 ಡಿಗ್ರಿ ಕಡಿಮೆ ಮಾಡಬೇಕು, ಅಂದರೆ 5,320 ಕ್ಯಾಲೊರಿ. ಅದನ್ನು 90ರಿಂದ ಭಾಗಿಸಿದರೆ 59 ಗ್ರಾಂ ಬರ್ಫ್. 190 ರಸ, 60 ಬರ್ಫಿನ ನೀರು, ಒಟ್ಟು 250 ಮಿ.ಲೀ. ಗ್ಲಾಸು ಸರಿಯಾಗಿ ತುಂಬಿತು. ಅಂದರೆ ನಾನು ಮಾರುತ್ತಿದ್ದ ಜ್ಯೂಸಿನಲ್ಲಿ ಸುಮಾರು ಕಾಲು ಭಾಗ, ಎಲ್ಲಿಂದಲೋ ಬಂದ ಕಲ್ಲುಬರ್ಫಿನ ನೀರು!

ನಾವು ಬರ್ಫನ್ನು ತಂಪು ಮಾಡುವ ವಸ್ತು ಅಂದುಕೊಳ್ಳುತ್ತೇವೆ. ಗ್ಲಾಸಿನ ಒಳಗೆ ಬಿದ್ದ ಮೇಲೆ ಅದು ಕುಡಿಯುವ ನೀರು. ಕುಡಿಯುವ ನೀರಿಗೆ ಇರಬೇಕಾದ ಎಲ್ಲ ಶಿಸ್ತೂ ಅದಕ್ಕೆ ಇರಬೇಕು.

ಆದರೆ ಕಲ್ಲುಬರ್ಫ್ ಹುಟ್ಟುವ ರೀತಿಯೇ ಬೇರೆ. ಫ್ಯಾಕ್ಟರಿಯಲ್ಲಿ ತಗಡಿನ ಉದ್ದನೆ ಡಬ್ಬಗಳಲ್ಲಿ ನೀರು ತುಂಬಿ, ಸೊನ್ನೆಗಿಂತ ಕೆಳಗೆ ತಣ್ಣಗಾದ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಉಪ್ಪು ಹಾಕಿದ್ದರಿಂದ ಆ ತೊಟ್ಟಿಯ ನೀರು ಗಟ್ಟಿಯಾಗುವುದಿಲ್ಲ, ಡಬ್ಬದ ಒಳಗಿನದು ಮಾತ್ರ ಗಟ್ಟಿಯಾಗುತ್ತದೆ. ಡಬ್ಬ ತುಕ್ಕು ಹಿಡಿದಿದ್ದರೆ ತುಕ್ಕು ಬರ್ಫಿಗೆ ಅಂಟುತ್ತದೆ. ತೂತು ಬಿದ್ದಿದ್ದರೆ ಉಪ್ಪುನೀರು ಒಳಗೆ ಬರುತ್ತದೆ. ಬರ್ಫ್ ನಾಲಿಗೆಗೆ ಉಪ್ಪುಪ್ಪಾಗಿದ್ದರೆ ಕಾರಣ ಇದೇ. ಆಮೇಲೆ ಆ ದಿಮ್ಮಿಯನ್ನು ನೆಲದ ಮೇಲೆ ಎಳೆಯುತ್ತಾರೆ, ಗೋಣಿ ಸುತ್ತುತ್ತಾರೆ, ಟಂಟಂನಲ್ಲಿ ತರುತ್ತಾರೆ, ಅಂಗಡಿ ಮುಂದೆ ಸುತ್ತಿಗೆಯಿಂದ ಒಡೆಯುತ್ತಾರೆ. ಮೀನು ಇಡಲಿಕ್ಕೂ ಅದೇ ದಿಮ್ಮಿ ಹೋಗುತ್ತದೆ. ಅದನ್ನು ಮಾಡಿದವರು ತಿನ್ನುವುದಕ್ಕೆ ಅಂತ ಮಾಡಿರುವುದಿಲ್ಲ, ತಿನ್ನುವುದಕ್ಕೆ ಬಳಸುವವರು ನಾವು. ಮಹಾರಾಷ್ಟ್ರದಲ್ಲಿ 2018ರಲ್ಲಿ, ತಿನ್ನಬಾರದ ಬರ್ಫಿಗೆ ನೀಲಿ ಬಣ್ಣ ಹಾಕಬೇಕು ಎಂಬ ನಿಯಮ ತಂದರು. ಎರಡೂ ನೋಡಲಿಕ್ಕೆ ಒಂದೇ ಥರ ಇರುತ್ತವೆ ಅನ್ನುವುದೇ ಅದಕ್ಕೆ ಕಾರಣ.

"ಅಷ್ಟು ತಂಪಿನಲ್ಲಿ ಕ್ರಿಮಿ ಎಲ್ಲಿ ಬದುಕ್ತಾವ್ರಿ?" ಎಂದು ನಾನೂ ಕೇಳಿದವನೇ. ಬದುಕುತ್ತವೆ. ಫ್ರೀಜ್ ಮಾಡಿದರೆ ಕೆಲವು ಸಾಯುತ್ತವೆ, ಉಳಿದವು ಬೆಳೆಯದೆ ಸುಮ್ನೆ ಕೂತಿರುತ್ತವೆ. ವಾಂತಿ ಭೇದಿ ತರುವ ವೈರಸ್‌ಗಳು, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಬರ್ಫಿನಲ್ಲಿ ಚೆನ್ನಾಗಿಯೇ ಉಳಿಯುತ್ತವೆ. ಕರಗಿದ ಕೂಡಲೇ ಮೊದಲಿನ ಹಾಗೆ ಆಗುತ್ತವೆ.

ಬರ್ಫ್ ಗಾಜಿನ ಹಾಗೆ ತಿಳಿಯಾಗಿದ್ದರೆ ಶುದ್ಧ, ಬೆಳ್ಳಗಿದ್ದರೆ ಕೊಳಕು ಎಂದು ಬಹಳ ಜನ ಹೇಳುತ್ತಾರೆ. ಅದು ತಪ್ಪು. ಬಿಳುಪು ಬರುವುದು ಒಳಗೆ ಸಿಕ್ಕಿಹಾಕಿಕೊಂಡ ಗಾಳಿಯಿಂದ ಮತ್ತು ನೀರಿನ ಲವಣದಿಂದ. ಹೆಪ್ಪುಗಟ್ಟುವಾಗ ಗಾಳಿ ಊದಿದರೆ ಕ್ರಿಮಿ ಇರುವ ನೀರೂ ತಿಳಿ ಬರ್ಫಾಗಬಹುದು. ಬಣ್ಣ ನೋಡುವುದಕ್ಕಿಂತ ಒಂದು ತುಂಡನ್ನು ಗಾಜಿನ ಲೋಟದಲ್ಲಿ ಕರಗಿಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಮಣ್ಣು, ಹೊಟ್ಟು, ನಾರು ಕಂಡರೆ ಆ ಬರ್ಫಿನ ಕಥೆ ಮುಗಿಯಿತು. ಏನೂ ಕಾಣದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಹಳ್ಳಿಗಳಲ್ಲಿ ಕುಡಿಯುವ ನೀರು ನೋಡಲು ಬಳಸುವ ಎಚ್‌ಟೂಎಸ್ ಬಾಟಲಿಯಲ್ಲಿ ಆ ನೀರನ್ನು ಗುರುತಿನವರೆಗೆ ತುಂಬಿ, ಮುಚ್ಚಿ ಇಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿಗೆ ಮಲದ ಸೋಂಕು ತಗಲಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಬೆಚ್ಚಗಿನ ಜಾಗ ಬೇಕು. ನಮ್ಮೂರ ಬೇಸಿಗೆಯಲ್ಲಿ ಅದನ್ನು ಹುಡುಕುವ ಕಷ್ಟವಿಲ್ಲ. ನಾನು ತರುತ್ತಿದ್ದ ಬರ್ಫಿನ ಬಾಟಲಿ ಮರುದಿನ ಸಂಜೆಗೇ ಕಪ್ಪಾಗಿತ್ತು.

ಬೇರೆ ಫ್ಯಾಕ್ಟರಿ ಹುಡುಕಬಹುದಿತ್ತು. ನಾನು ಎರಡು ಬೇರೆ ಕೆಲಸ ಮಾಡಿದೆ. ಒಂದು, ಬರ್ಫ್ ಅಂಗಡಿಯಲ್ಲೇ ಮಾಡುವುದು. ಇನ್ನೊಂದು, ಬರ್ಫ್ ಹೆಚ್ಚು ಬೇಕಾಗದ ಹಾಗೆ ಮಾಡುವುದು. ಎರಡನೆಯದೇ ದೊಡ್ಡದು. ಮೇಲಿನ ಲೆಕ್ಕ ಮತ್ತೆ ನೋಡಿ. 60 ಗ್ರಾಂ ಬರ್ಫ್ ಬೇಕಾಗಿದ್ದು ಹಣ್ಣು 38 ಡಿಗ್ರಿ ಇದ್ದಿದ್ದರಿಂದ. ಹಣ್ಣನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟರೆ ಕತ್ತರಿಸಿ, ರುಬ್ಬಿ, ಸೋಸುವ ಹೊತ್ತಿಗೆ ರಸ 18 ಡಿಗ್ರಿಯ ಆಸುಪಾಸು ಇರುತ್ತದೆ. 230 ಮಿ.ಲೀ. ರಸ ಇನ್ನೂ 8 ಡಿಗ್ರಿ ಇಳಿಯಲು 1,840 ಕ್ಯಾಲೊರಿ, ಅಂದರೆ 20 ಗ್ರಾಂ ಬರ್ಫ್ ಸಾಕು. ಐದು ಕಿಲೋ ಕಲ್ಲಂಗಡಿಯ ನಡು ತಣ್ಣಗಾಗಲು ಇಡೀ ರಾತ್ರಿ ಬೇಕು, ಬೆಳಿಗ್ಗೆ ಎದ್ದು ಫ್ರಿಜ್‌ಗೆ ತುಂಬಿದರೆ ಮೇಲಿನ ಸಿಪ್ಪೆ ಮಾತ್ರ ತಂಪಾಗುತ್ತದೆ.

ಬೇಕಾದ ಆ ಸ್ವಲ್ಪ ಬರ್ಫಿಗೆ ಸಣ್ಣ ಡೀಪ್ ಫ್ರೀಜರ್ ಸಾಕಾಯಿತು. ಕ್ಯಾನ್ ನೀರನ್ನು ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ರಾತ್ರಿ ಇಡುತ್ತಿದ್ದೆ. 100 ಗ್ಲಾಸಿಗೆ 2 ಕಿಲೋ, ಕರಗಿ ಹೋಗುವುದನ್ನು ಸೇರಿಸಿ 4 ಕಿಲೋ. ಒಂದೇ ರಾತ್ರಿ 20 ಕಿಲೋ ಬರ್ಫ್ ಮಾಡುತ್ತೇನೆ ಅಂತ ಸಣ್ಣ ಫ್ರೀಜರ್ ತುಂಬಾ ನೀರಿಟ್ಟರೆ ಬೆಳಿಗ್ಗೆ ಸಿಗುವುದು ಮೇಲೆ ಪದರ, ಒಳಗೆ ನೀರು.

ಒಳ್ಳೆಯ ಬರ್ಫನ್ನೂ ಕೌಂಟರಿನಲ್ಲಿ ಕೆಡಿಸುವುದು ಬಹಳ ಸುಲಭ. ಗ್ಲಾಸನ್ನೇ ಡಬ್ಬಿಯಲ್ಲಿ ಮುಳುಗಿಸಿ ಬರ್ಫ್ ತೆಗೆಯುವುದು ಎಲ್ಲರ ರೂಢಿ. ಗಾಜು ಚೂರಾದರೆ ಬರ್ಫಿನಲ್ಲಿ ಕಾಣಿಸುವುದೇ ಇಲ್ಲ. ಹಿಡಿಕೆ ಇರುವ ಸ್ಟೀಲ್ ಸೌಟು ಇಟ್ಟು, ಅದನ್ನು ಬರ್ಫಿನ ಮೇಲೆ ಬಿಡದೆ ಹೊರಗೆ ತೂಗುಹಾಕಬೇಕು. ಡಬ್ಬಿಯ ತಳದಲ್ಲಿ ಜಾಲರಿ ಇಟ್ಟು, ಕರಗಿದ ನೀರು ಕೆಳಗೆ ಹರಿದುಹೋಗುವಂತೆ ಮಾಡಬೇಕು. ಮತ್ತೆ, ಹಾಲಿನ ಪಾಕೀಟು, ಸೋಡಾ ಬಾಟಲಿ ತಂಪು ಮಾಡಲು ಅದೇ ಬರ್ಫಿನಲ್ಲಿ ಹುಗಿಯಬಾರದು. ಅವುಗಳ ಹೊರಮೈ ಎಷ್ಟು ಕೈ ದಾಟಿ ಬಂದಿರುತ್ತದೋ ಯಾರಿಗೆ ಗೊತ್ತು?

ಇನ್ನು ಹಣ್ಣು. ಕಲ್ಲಂಗಡಿಯನ್ನು ಯಾರೂ ತೊಳೆಯುವುದಿಲ್ಲ. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂಬುದು ಎಲ್ಲರ ವಾದ. ಆದರೆ ಚಾಕು ಸಿಪ್ಪೆಯನ್ನು ದಾಟಿಯೇ ಒಳಗೆ ಹೋಗುತ್ತದೆ. ಹೊಲದ ಮಣ್ಣಿನಲ್ಲಿ ಮಲಗಿ ಬೆಳೆದ ಹಣ್ಣದು. ಲಾರಿ, ಮಾರ್ಕೆಟ್ಟಿನ ನೆಲ ಎಲ್ಲ ನೋಡಿ ಬಂದಿರುತ್ತದೆ. ಸಿಪ್ಪೆಯ ಮೇಲಿದ್ದುದನ್ನು ಚಾಕು ತಿರುಳಿನ ಉದ್ದಕ್ಕೂ ಸವರುತ್ತದೆ. ಲಿಂಬೆರಸದ ಹಾಗೆ ಹುಳಿ ಇದ್ದರೆ ಬಹಳಷ್ಟು ಬ್ಯಾಕ್ಟೀರಿಯಾ ಅಲ್ಲಿ ಬೆಳೆಯಲಾರವು. ಕಲ್ಲಂಗಡಿಯಲ್ಲಿ ಹುಳಿಯೇ ಇಲ್ಲ, ನೀರು ಮತ್ತು ಸಕ್ಕರೆ ಧಾರಾಳ. ಪಪ್ಪಾಯಿಯೂ ಹಾಗೆ, ಕಬ್ಬಿನ ಹಾಲೂ ಹಾಗೆ. ಅದಕ್ಕೇ ಕತ್ತರಿಸಿದ ಕಲ್ಲಂಗಡಿಯನ್ನು 5 ಡಿಗ್ರಿಯೊಳಗೆ ಇಡಬೇಕು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಹೊರಗೆ ಇಟ್ಟರೆ ಒಂದು ಗಂಟೆಯೇ ಮಿತಿ. ಕೆಂಪಗೆ ಕಾಣಲಿ ಅಂತ ಬೆಳಿಗ್ಗೆ ಕತ್ತರಿಸಿ ಗಾಜಿನ ಮುಂದೆ ಜೋಡಿಸಿಟ್ಟ ಹೋಳು ಮಧ್ಯಾಹ್ನದ ಹೊತ್ತಿಗೆ ಜ್ಯೂಸಿಗೆ ಲಾಯಕ್ಕಲ್ಲ.

ತೊಳೆಯುವ ಕೆಲಸದಲ್ಲಿ ನಾನು ಮಾಡಿದ ಮೊದಲ ತಪ್ಪು ಹೇಳುತ್ತೇನೆ. ಲಾರಿಯಿಂದ ಇಳಿಸಿದ ಬಿಸಿ ಹಣ್ಣನ್ನು ಸೀದಾ ತಣ್ಣೀರಿನ ಟಬ್ಬಿಗೆ ಹಾಕಿಬಿಟ್ಟೆ. ಹಾಗೆ ಮಾಡಿದಾಗ ಹಣ್ಣಿನ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ತೊಟ್ಟು ಬಿಟ್ಟ ಗಾಯದಿಂದ, ಸಣ್ಣ ಬಿರುಕಿನಿಂದ ಟಬ್ಬಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಕ್ರಿಮಿಯನ್ನು ಆಮೇಲೆ ಯಾವ ಔಷಧಿಯೂ ಮುಟ್ಟುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಬ್ರೆಜಿಲ್‌ನ ಮಾವಿನಹಣ್ಣಿನಿಂದ ಸಾಲ್ಮೊನೆಲ್ಲಾ ಸೋಂಕು ಹರಡಿತ್ತು. ನೊಣದ ಕಾಟ ತಪ್ಪಿಸಲು ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ತಣ್ಣೀರಿಗೆ ಹಾಕುತ್ತಿದ್ದರು. ಹಾಗೆ ಅದ್ದುವಾಗಲೇ ಕೊಳೆನೀರು ಒಳಗೆ ಹೋಗಿರಬೇಕು ಎಂದು ಹುಡುಕಿದವರು ಹೇಳಿದರು. ಹಾಗಾಗಿ ಹಣ್ಣು ಮೊದಲು ನೆರಳಿನಲ್ಲಿ ನಾಲ್ಕೈದು ಗಂಟೆ ಆರಲಿ. ತೊಳೆಯುವ ನೀರು ಹಣ್ಣಿಗಿಂತ ಸ್ವಲ್ಪ ಬೆಚ್ಚಗಿದ್ದರೆ ಇನ್ನೂ ಒಳ್ಳೆಯದು. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸಂಜೆ ಹೊತ್ತು ಹೇಗೂ ಬೆಚ್ಚಗೇ ಬರುತ್ತದೆ.

ಮೊದಲ ಹಂತ ಬ್ರಶ್. ನಲ್ಲಿ ನೀರು ಬಿಟ್ಟುಕೊಂಡು ಇಡೀ ಹಣ್ಣನ್ನು ತಿಕ್ಕಬೇಕು, ನೆಲಕ್ಕೆ ತಾಗಿದ ಹಳದಿ ಕಲೆಯನ್ನು ಮತ್ತು ತೊಟ್ಟಿನ ಕುಳಿಯನ್ನು ವಿಶೇಷವಾಗಿ. ಇದನ್ನು ಬಿಟ್ಟು ನೇರವಾಗಿ ಕ್ಲೋರಿನ್ ನೀರಿಗೆ ಹಾಕಿದರೆ ಕ್ಲೋರಿನ್ ಎಲ್ಲ ಮಣ್ಣಿನ ಮೇಲೇ ಖರ್ಚಾಗಿಬಿಡುತ್ತದೆ, ಕ್ರಿಮಿಗೆ ಉಳಿಯುವುದಿಲ್ಲ.

ಆಮೇಲೆ ಕ್ಲೋರಿನ್. ಕೊರೊನಾ ಕಾಲದಲ್ಲಿ ಓಣಿ ಓಣಿಗೆ ಹೊಡೆದ ಹೈಪೋ ನೆನಪಿದೆಯಲ್ಲ, ಅದೇ ಸೋಡಿಯಂ ಹೈಪೋಕ್ಲೋರೈಟ್. 4 ಪರ್ಸೆಂಟಿನ, ವಾಸನೆ ಸೋಪು ಏನೂ ಸೇರಿಸದ ಬಾಟಲಿ ಬೇಕು. ಅದರ ಒಂದು ಮಿ.ಲೀ.ಯಲ್ಲಿ 40 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಒಂದು ಲೀಟರಿಗೆ 100 ಮಿಲಿಗ್ರಾಂ, ಅಂದರೆ 100 ಪಿಪಿಎಂ ನೀರು ಬೇಕಾದರೆ 20 ಲೀಟರಿಗೆ 50 ಮಿ.ಲೀ. ಹಾಕಬೇಕು. ಹಣ್ಣು ಐದು ನಿಮಿಷ ಅದರಲ್ಲಿರಬೇಕು. ಇಲ್ಲೊಂದು ತಮಾಷೆ ಇದೆ. ಕಲ್ಲಂಗಡಿ ಮುಳುಗುವುದಿಲ್ಲ, ತೇಲುತ್ತದೆ. ಸುಮ್ನೆ ಬಿಟ್ಟರೆ ಅದರ ಬೆನ್ನು ಒಣಗಿಯೇ ಇರುತ್ತದೆ. ನಿಮಿಷಕ್ಕೊಮ್ಮೆ ಹೊರಳಿಸುತ್ತಾ ಇರಬೇಕು. ಕೊನೆಗೆ ಕ್ಯಾನ್ ನೀರಿನಲ್ಲಿ ಒಮ್ಮೆ ಜಾಲಾಡಿ, ಒರೆಸಿ, ಫ್ರಿಜ್‌ಗೆ.

ನಮ್ಮ ಊರಿನ ಬಿಸಿಲು ಹೈಪೋ ಬಾಟಲಿಗೂ ಶತ್ರು. ಬಿಸಿಗೆ, ಬೆಳಕಿಗೆ ಅದರ ಬಲ ದಿನದಿನಕ್ಕೆ ಇಳಿಯುತ್ತದೆ. ದೊಡ್ಡ ಕ್ಯಾನ್ ತಂದು ಬೇಸಿಗೆಯೆಲ್ಲ ಬಳಸಿದರೆ ಮೇ ತಿಂಗಳಲ್ಲಿ ನೀವು ಅಂದುಕೊಂಡಷ್ಟು ಬಲ ಅದರಲ್ಲಿ ಉಳಿದಿರುವುದಿಲ್ಲ. ಚಿಕ್ಕ ಬಾಟಲಿ ತಂದು ಕತ್ತಲೆಯಲ್ಲಿಡಿ, ಟಬ್ಬಿನ ನೀರನ್ನು ಕ್ಲೋರಿನ್ ಪಟ್ಟಿ ಅದ್ದಿ ನೋಡಿ. ಪಟ್ಟಿಯ ಬಣ್ಣ ತಿಳಿಯಾದರೆ ಅಥವಾ ನೀರು ಕದಡಿದರೆ ಬದಲಿಸಿ. ಒಂದು ಎಚ್ಚರಿಕೆ: ಹೈಪೋಗೆ ಲಿಂಬೆರಸ, ವಿನೆಗರ್ ಸೇರಬಾರದು. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಜ್ಯೂಸ್ ಅಂಗಡಿಯಲ್ಲಿ ಲಿಂಬೆಹಣ್ಣು ಯಾವಾಗಲೂ ಕೈಯಳತೆಯಲ್ಲೇ ಇರುತ್ತದೆ, ಅದಕ್ಕೇ ಹೇಳಿದೆ.

ಇಷ್ಟು ಮಾಡಿದರೂ ಸಿಪ್ಪೆ ಪೂರ್ತಿ ಶುದ್ಧವಾಗುವುದಿಲ್ಲ. ನೂರು ಕ್ರಿಮಿಯಲ್ಲಿ ತೊಂಬತ್ತು ಹೋಗಬಹುದು, ತೊಂಬತ್ತೊಂಬತ್ತು ಹೋದರೆ ಅದೃಷ್ಟ. ಆದ್ದರಿಂದ ಬಿರುಕು ಬಿಟ್ಟ ಹಣ್ಣು ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ, ತೊಳೆದು ಅದನ್ನು ಸರಿಮಾಡಲು ಆಗುವುದಿಲ್ಲ. ಸಿಪ್ಪೆ ಕೊಯ್ಯಲು ಒಂದು ಚಾಕು, ತಿರುಳು ಕೊಯ್ಯಲು ಇನ್ನೊಂದು ಇಟ್ಟುಕೊಂಡೆ. ಮಿಕ್ಸರ್ ಜಾರಿನ ಬ್ಲೇಡ್ ಕೆಳಗಿನ ರಬ್ಬರನ್ನು ರಾತ್ರಿ ಬಿಚ್ಚಿ ತೊಳೆಯಬೇಕು. ಬಿಚ್ಚದೆ ಒಂದು ವಾರ ಬಿಟ್ಟು ಮೂಸಿ ನೋಡಿದರೆ ಸಾಕು, ಮತ್ತೆ ಹೇಳಬೇಕಾಗಿಲ್ಲ.

ಈಗ ದುಡ್ಡಿನ ಮಾತು. ಲೆಕ್ಕಕ್ಕೆ 5 ಕಿಲೋ ಹಣ್ಣು, ಕಿಲೋಗೆ 15 ರೂಪಾಯಿ, ಒಟ್ಟು 75 ಎಂದು ಇಟ್ಟುಕೊಳ್ಳೋಣ. ಸಿಪ್ಪೆ, ಬೀಜ, ಚರಟ ಹೋಗಿ ನನಗೆ ಸಿಗುತ್ತಿದ್ದುದು ಸುಮಾರು 2.6 ಲೀಟರ್ ರಸ. ಹಳೆಯ ಪದ್ಧತಿಯಲ್ಲಿ ಗ್ಲಾಸಿಗೆ 190 ಮಿ.ಲೀ., ಅಂದರೆ 13 ಗ್ಲಾಸು, ಒಂದಕ್ಕೆ ಹಣ್ಣಿನ ಖರ್ಚು 5 ರೂಪಾಯಿ 77 ಪೈಸೆ. ಹೊಸ ಪದ್ಧತಿಯಲ್ಲಿ 230 ಮಿ.ಲೀ., 11 ಗ್ಲಾಸು, ಒಂದಕ್ಕೆ 6 ರೂಪಾಯಿ 82 ಪೈಸೆ. ಬರ್ಫಿನ ನೀರು ಕಡಿಮೆಯಾದ ಜಾಗವನ್ನು ಹಣ್ಣೇ ತುಂಬಬೇಕಲ್ಲ, ಅದಕ್ಕೆ ಗ್ಲಾಸಿಗೆ 1 ರೂಪಾಯಿ 5 ಪೈಸೆ ಜಾಸ್ತಿ.

ದಿನಕ್ಕೆ 100 ಗ್ಲಾಸು ಹೋದರೆ ಒಂದು ಗ್ಲಾಸಿಗೆ ಉಳಿದ ಖರ್ಚು ಹೀಗೆ. ಹೈಪೋ ಮತ್ತು ಕ್ಯಾನ್ ನೀರಿಗೆ 20 ಪೈಸೆ. 20,000 ರೂಪಾಯಿಯ ಫ್ರೀಜರ್ ಐದು ವರ್ಷ, ವರ್ಷಕ್ಕೆ 150 ದಿನ ಓಡಿದರೆ 27 ಪೈಸೆ, ಹೆಚ್ಚಿನ ಕರೆಂಟಿಗೆ 18. ದಿನದ ಕೊನೆಗೆ ಅರ್ಧ ಹಣ್ಣು ಎಸೆಯಬೇಕಾದೀತು, ಅದಕ್ಕೆ 38 ಪೈಸೆ. ಕಲ್ಲುಬರ್ಫ್ ಕೊಳ್ಳುವುದು ತಪ್ಪಿದ್ದರಿಂದ 24 ಪೈಸೆ ಉಳಿತಾಯ. ಎಲ್ಲ ಕೂಡಿಸಿ ಕಳೆದರೆ ಒಂದು ಗ್ಲಾಸಿಗೆ 1 ರೂಪಾಯಿ 84 ಪೈಸೆ ಹೆಚ್ಚು ಖರ್ಚು. ಗಮನಿಸಿ, ತೊಳೆಯುವುದು ಅದರಲ್ಲಿ ಇಪ್ಪತ್ತೇ ಪೈಸೆ. ಶುಚಿ ದುಬಾರಿ ಅನ್ನುತ್ತೇವೆ. ನಿಜಕ್ಕೂ ದುಬಾರಿಯಾದದ್ದು ನೀರಿನ ಬದಲು ಹಣ್ಣು ಕೊಡುವುದು.

ಸಕ್ಕರೆ 70 ಪೈಸೆ, ಪೇಪರ್ ಗ್ಲಾಸು ಒಂದೂವರೆ ರೂಪಾಯಿ. ಬಾಡಿಗೆ ಮತ್ತು ಹುಡುಗನ ಕೂಲಿ ದಿನಕ್ಕೆ 900, ಅಂದರೆ ಗ್ಲಾಸಿಗೆ 9. ಇವನ್ನು ಸೇರಿಸಿದರೆ ಮೊದಲು 17 ರೂಪಾಯಿ ಚಿಲ್ಲರೆ ಬೀಳುತ್ತಿದ್ದ ಗ್ಲಾಸು ಈಗ 19 ಚಿಲ್ಲರೆ. ಮಾರುವುದು 30ಕ್ಕೆ. ಮೋಡ ಕವಿದು 60 ಗ್ಲಾಸಷ್ಟೇ ಹೋದ ದಿನ ಬಾಡಿಗೆ ಕೂಲಿಯೇ ಗ್ಲಾಸಿಗೆ 15 ಆಗುತ್ತದೆ, ಅಂದರೆ 6 ರೂಪಾಯಿ ಏರಿಕೆ. ನಮ್ಮನ್ನು ಮುಳುಗಿಸುವುದು ಆ ಆರು ರೂಪಾಯಿ, ಹೈಪೋ ಬಾಟಲಿ ಅಲ್ಲ.

ಮೋಸಂಬಿಯಲ್ಲಿ ಮಾತ್ರ ಕಥೆ ಬೇರೆ. ಕಿಲೋಗೆ 50 ರೂಪಾಯಿ, ಒಂದು ಕಿಲೋ ಹಿಂಡಿದರೆ 400 ಮಿ.ಲೀ. ರಸ ಅಂತ ಹಿಡಿದರೆ ಆ 40 ಮಿ.ಲೀ. ವ್ಯತ್ಯಾಸದ ಬೆಲೆ 5 ರೂಪಾಯಿ. ಮೋಸಂಬಿ ಗ್ಲಾಸಿನಲ್ಲಿ ಬರ್ಫ್ ಯಾಕೆ ಅಷ್ಟೊಂದು ಇರುತ್ತದೆ ಎಂದು ಈಗ ಗೊತ್ತಾಯಿತಲ್ಲ?

ರೇಟು 32 ಮಾಡುವ ಧೈರ್ಯ ನನಗೆ ಇರಲಿಲ್ಲ. ಚಿಲ್ಲರೆ ಜಗಳ ಬೇರೆ. ಗ್ಲಾಸನ್ನೇ 220 ಮಿ.ಲೀ.ಗೆ ಇಳಿಸಿದೆ. 200 ರಸ, 20 ಬರ್ಫ್. ಮತ್ತೆ ಒಂದು ಹಣ್ಣಿಗೆ 13 ಗ್ಲಾಸು, ಮತ್ತೆ 5 ರೂಪಾಯಿ 77 ಪೈಸೆ. ಆ ಒಂದು ರೂಪಾಯಿ ವಾಪಸು ಬಂತು.

ನಾರಿನ ಎಳೆ ತೋರಿಸಿದ್ದ ಕಾಕಾ ಮೊದಲ ದಿನವೇ ಗ್ಲಾಸನ್ನು ಮೇಲೆತ್ತಿ ನೋಡಿದರು.

"ಏನಪಾ, ಗಲಾಸ್ ಸಣ್ಣದ್ ಮಾಡೀದಿ?"

"ಗಲಾಸ್ ಸಣ್ಣದ್ ಆಗ್ಯಾದ್ರಿ ಕಾಕಾ. ಒಳಗಿನ ಹಣ್ಣು ಹತ್ತು ಎಮ್ಮೆಲ್ ಜಾಸ್ತಿ ಅದ."

ಅವರು ಒಂದು ಗುಟುಕು ಕುಡಿದು, ಮತ್ತೊಂದು ಗುಟುಕು ಕುಡಿದು, "ಹಂಗಾರ ಬರ್ಫೇ ಬ್ಯಾಡ ನನಗ, ಬರೇ ಹಣ್ಣಿಂದೇ ಕೊಡು" ಅಂದರು. ಅದರ ಲೆಕ್ಕ ನಾನು ಹಾಕಿರಲಿಲ್ಲ.